ಹಿರಿಯ ಸಾಹುಕಾರರಿಗೆ ಬಾಕಿ ಕೇಳುವ ಪತ್ರ: ಮೇಲೆ ಏನು ಬರೆಯಬೇಕು, ಕೆಳಗೆ ಏನು ಬರೆಯಬೇಕು

ದಾವಣಗೆರೆಯಲ್ಲಿ ಬಾಕಿ ದುಡ್ಡನ್ನು ಹೆಚ್ಚಾಗಿ ಬಾಯಲ್ಲೇ ಕೇಳುತ್ತೇವೆ. ಅಂಗಡಿಗೆ ಹೋಗುತ್ತೇವೆ, ಟೀ ತರಿಸುತ್ತಾರೆ, ಮಳೆ ಬೆಳೆ ಮಾತಾಗುತ್ತದೆ. ಏಳುವ ಹೊತ್ತಿಗೆ "ಮುಂದಿನ ವಾರ ಬಾರಪ್ಪ" ಅನ್ನುತ್ತಾರೆ. ಹೀಗೆ ಮೂರ್ನಾಲ್ಕು ವಾರ ಹೋದ ಮೇಲೆ ಪತ್ರದ ನೆನಪಾಗುತ್ತದೆ.

ನಮ್ಮ ಡಿಟಿಪಿ ಅಂಗಡಿಗೆ ಇಂಥ ಪತ್ರ ಟೈಪ್ ಮಾಡಿಸಲು ಬರುವವರಲ್ಲಿ ಹೆಚ್ಚಿನವರು ಹೊಸದಾಗಿ ಕಸುಬು ಶುರು ಮಾಡಿದವರು. ಪ್ರಿಂಟಿಂಗ್, ವೈರಿಂಗ್, ಫ್ಲೆಕ್ಸ್, ಲೆಕ್ಕ ಬರೆಯುವ ಕೆಲಸ, ಹೀಗೆ. ಕೊಡಬೇಕಾದವರು ಅಪ್ಪನ ವಯಸ್ಸಿನವರು, ಕೆಲವೊಮ್ಮೆ ಅಜ್ಜನ ವಯಸ್ಸಿನವರು. ಲೆಕ್ಕ ಎಷ್ಟು ಅಂತ ಹುಡುಗರಿಗೆ ಚೆನ್ನಾಗಿ ಗೊತ್ತಿರುತ್ತದೆ. ಪೆನ್ನು ನಿಲ್ಲುವುದು ಎರಡು ಕಡೆ: ಶುರುವಿನಲ್ಲಿ ಏನಂತ ಕರೆಯಬೇಕು, ಕೊನೆಯಲ್ಲಿ ಸಹಿಯ ಮೇಲೆ ಏನು ಬರೆಯಬೇಕು. ಆಗ ಶಾಲೆಯಲ್ಲಿ ಕಲಿತ ರಜಾ ಅರ್ಜಿಯೇ ಕೈಗೆ ಬರುತ್ತದೆ. "ಇಂದ, ಗೆ, ಮಾನ್ಯರೇ, ತಮ್ಮಲ್ಲಿ ಬೇಡಿಕೊಳ್ಳುವುದೇನೆಂದರೆ, ಇತಿ ತಮ್ಮ ವಿಧೇಯ." ಅದು ಬೇಡುವವರ ಪತ್ರ. ನೀವು ಕೆಲಸ ಮಾಡಿಕೊಟ್ಟಿದ್ದೀರಿ, ಕೇಳುತ್ತಿರುವುದು ನಿಮ್ಮದೇ ದುಡ್ಡು. ಹಾಗಂತ ದರ್ಪದಿಂದ ಬರೆದರೂ ಕೆಲಸ ಕೆಡುತ್ತದೆ. ಗೌರವವನ್ನೆಲ್ಲ ಮೇಲಿನ ಸಾಲಿಗೂ ಕೆಳಗಿನ ಸಾಲಿಗೂ ಕೊಡಿ, ಮಧ್ಯದಲ್ಲಿ ಲೆಕ್ಕ ನೇರವಾಗಿರಲಿ. ನಾನು ಬರೆಸುವ ಕ್ರಮ ಇದು.

ಒಂದು ಉದಾಹರಣೆ ಇಟ್ಟುಕೊಂಡೇ ಹೋಗೋಣ. ಹೆಸರುಗಳೆಲ್ಲ ಸುಮ್ನೆ ಇಟ್ಟದ್ದು. ಕವಿತಾ ಪ್ರಿಂಟಿಂಗ್ ಕೆಲಸ ಮಾಡುವ ಹುಡುಗಿ. ಮಂಡಿಪೇಟೆಯ ಬಟ್ಟೆ ಅಂಗಡಿಯ ರುದ್ರಪ್ಪನವರಿಗೆ ದೀಪಾವಳಿಗೆ ಮೊದಲು 1000 ಕೈಚೀಲ ಮತ್ತು 20 ಬಿಲ್ ಪುಸ್ತಕ ಅಚ್ಚು ಹಾಕಿಸಿ ಕೊಟ್ಟಿದ್ದಾಳೆ. ಚೀಲಕ್ಕೆ 14 ರೂಪಾಯಿಯಂತೆ 14,000, ಪುಸ್ತಕಕ್ಕೆ 130ರಂತೆ 2,600. ತೆರಿಗೆ ಸೇರಿಯೇ ಒಟ್ಟು 16,600. ಮುಂಗಡ 5,000 ಬಂದಿದೆ. ಬಾಕಿ 11,600. ರುದ್ರಪ್ಪನವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಅಂಗಡಿಯಲ್ಲಿ ಎಲ್ಲರೂ ಅವರನ್ನು "ಯಜಮಾನ್ರೇ" ಅಂತಲೇ ಕರೆಯುತ್ತಾರೆ.

ಮೊದಲು, ಪತ್ರ ಯಾರ ಹೆಸರಿಗೆ

ಬೋರ್ಡಿನ ಮೇಲೆ ತಂದೆಯ ಹೆಸರು, ಗಲ್ಲಾಪೆಟ್ಟಿಗೆ ಮುಂದೆ ಮಗ. ನಮ್ಮ ಪೇಟೆಯಲ್ಲಿ ಇದು ಮಾಮೂಲು. ಆರ್ಡರ್ ಕೊಟ್ಟದ್ದು ಮಗನೇ ಆದರೂ ಪತ್ರ ಯಜಮಾನರ ಹೆಸರಿಗೇ ಇರಲಿ. ಮಗನ ಹೆಸರಿಗೆ ಬರೆದರೆ ಹಿರಿಯರನ್ನು ಬದಿಗೆ ಸರಿಸಿದ ಹಾಗೆ ಕಾಣುತ್ತದೆ. ಮಗನ ಜೊತೆ ಮಾತಾಗಿದ್ದರೆ ಅದನ್ನು ಒಳಗೆ ಒಂದು ವಾಕ್ಯದಲ್ಲಿ ಹೇಳಬಹುದು: "ತಮ್ಮ ಮಗ ಶ್ರೀ ಇಂಥವರೊಂದಿಗೆ ಮಾತಾಡಿದ್ದೆ." ಇಲ್ಲಿ ಒಂದು ಎಚ್ಚರಿಕೆ. ಹಿರಿಯರಿಗೆ ಬರೆಯುತ್ತಿದ್ದೇವೆ ಅಂತ ಅವರ ಮಗನ ಹೆಸರಿನ ಹಿಂದೆ "ಚಿ||" ಹಾಕಬೇಡಿ. ಚಿರಂಜೀವಿ ಅನ್ನುವುದು ನಿಮಗಿಂತ ಚಿಕ್ಕವರಿಗೆ. ಆ ಮಗ ನಿಮಗಿಂತ ಹತ್ತು ವರ್ಷ ದೊಡ್ಡವನಿದ್ದರೆ ಓದಿದವರು ನಗುತ್ತಾರೆ.

ಹೆಸರು ಬರೆಯುವಾಗ "ಶ್ರೀ" ಒಂದೇ ಸಾಕು. "ಶ್ರೀ ಶ್ರೀಯುತ" ಅಂತ ಎರಡನ್ನೂ ಹಾಕುವವರಿದ್ದಾರೆ, ಅದು ಬೇಡ. "ಶ್ರೀ ಶ್ರೀ" ಅಂತೂ ಮಠದ ಸ್ವಾಮಿಗಳಿಗೆ. "ರಾ.ರಾ." ಅಂತ, ಅಂದರೆ ರಾಜಮಾನ್ಯ ರಾಜಶ್ರೀ ಅಂತ, ಹಳೆಯ ಕಾಗದಗಳಲ್ಲಿ ನೋಡಿದ್ದೇವೆ. ಈಗ ಯುವಕರು ಬರೆದರೆ ತಮಾಷೆ ಮಾಡಿದ ಹಾಗಿರುತ್ತದೆ.

ಹೆಸರಿಗೆ "ಅವರು" ಸೇರಿಸುವಾಗ ಜಾಸ್ತಿ ಜನ ಎಡವುತ್ತಾರೆ. ರುದ್ರಪ್ಪನವರು, ಗಂಗಮ್ಮನವರು, ಶೆಟ್ಟಿಯವರು: ಇವು ಸರಿ. "ರುದ್ರಪ್ಪ ರವರು" ಅಂತ ಜಾಗ ಬಿಟ್ಟು ಬರೆಯುವುದು ಕಚೇರಿ ಕಾಗದಗಳಿಂದ ಬಂದ ಅಭ್ಯಾಸ, ಓದಲು ಚೆಂದವಲ್ಲ. ಮಂಜುನಾಥ್ ಅಂತ ಅರ್ಧಾಕ್ಷರದಲ್ಲಿ ನಿಲ್ಲುವ ಹೆಸರಿಗೆ "ಮಂಜುನಾಥ್ ಅವರು" ಅಂತ ಬಿಡಿಸಿ ಬರೆಯಿರಿ. ಗೌಡರು ಅಂದರೆ ಅದರಲ್ಲೇ ಗೌರವ ಬಂತು, "ಗೌಡರವರು" ಬೇಕಿಲ್ಲ. ಮುಸ್ಲಿಂ ವ್ಯಾಪಾರಿಗಳಿಗೆ ಹೆಸರಿನ ಮುಂದೆ "ಸಾಹೇಬರು" ಅಂತ ಪೂರ್ತಿ ಬರೆಯಬೇಕು. ಮಾತಿನಲ್ಲಿ ಬರುವ "ಸಾಬ್ರು" ಕಾಗದದ ಮೇಲೆ ಒರಟಾಗುತ್ತದೆ.

ವಿಳಾಸದ ಕೊನೆಯಲ್ಲಿ "ಇವರಿಗೆ" ಅಂತ ಹಾಕಿದರೆ ಇಡೀ ವಿಳಾಸ ಸರಿಯಾಗಿ ಕೂಡುತ್ತದೆ. ಮೇಲೆ "ಗೆ," ಅಂತ ಬರೆದು ಕೆಳಗೂ "ಅವರಿಗೆ" ಅಂದರೆ ಒಂದೇ ಮಾತು ಎರಡು ಸಲ ಆಗುತ್ತದೆ.

ಕರೆಯುವ ಸಾಲು

ಇದೇ ಮುಖ್ಯ. ಪತ್ರ ಯಾವ ದೂರದಲ್ಲಿ ನಿಂತು ಮಾತಾಡುತ್ತಿದೆ ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

"ಮಾನ್ಯರೇ" ಅನ್ನುವುದು ಎಲ್ಲರಿಗೂ ಒಗ್ಗುವ ಕರೆ. ತಪ್ಪಿಲ್ಲ, ಆದರೆ ಬೆಚ್ಚಗೂ ಇಲ್ಲ. ತಹಶೀಲ್ದಾರರಿಗೂ ಅದೇ, ಬ್ಯಾಂಕ್ ಮ್ಯಾನೇಜರಿಗೂ ಅದೇ. ನಿಮ್ಮ ಮನೆಯ ಮದುವೆಗೆ ಬಂದು ಮುಯ್ಯಿ ಮಾಡಿ ಹೋದ ಹಿರಿಯರಿಗೆ ಮೊದಲ ಪತ್ರದಲ್ಲೇ ಬರಿ "ಮಾನ್ಯರೇ" ಅಂದರೆ, "ಏನಪ್ಪಾ, ನೋಟಿಸ್ ಕೊಡೋ ಹಂಗೆ ಬರ್ದಿದೀಯ" ಅಂತ ಕೇಳುತ್ತಾರೆ.

"ಪೂಜ್ಯರೇ" ಇನ್ನೊಂದು ತುದಿ. ತಂದೆ ತಾಯಿ, ಗುರುಗಳು, ಮಠದವರು, ಇವರಿಗೆ ಸಲ್ಲುವ ಕರೆ ಅದು. ಬಾಕಿ ಕೇಳುವ ಪತ್ರದಲ್ಲಿ ಅದು ನಿಮ್ಮ ಕೈಯನ್ನೇ ಕಟ್ಟುತ್ತದೆ. ಕಾಲಿಗೆ ಬಿದ್ದು ಎದ್ದ ತಕ್ಷಣ "ದುಡ್ಡು ಕೊಡಿ" ಅನ್ನುವುದು ಹೇಗೆ? ಓದುವವರಿಗೂ ಅದು ಮಸ್ಕಾ ಹೊಡೆದ ಹಾಗೆ ಕಾಣುತ್ತದೆ. "ತೀರ್ಥರೂಪು" ಅನ್ನುವುದು ಸ್ವಂತ ತಂದೆಗೆ ಮತ್ತು ತಂದೆಯ ಸಮಾನರಾದ ನೆಂಟರಿಗೆ. ರುದ್ರಪ್ಪನವರು ನಿಜವಾಗಿ ದೊಡ್ಡಪ್ಪನೇ ಆಗಿದ್ದರೂ, ಬಿಲ್ಲಿನ ಪತ್ರಕ್ಕೆ ಆ ಕರೆ ಬೇಡ ಅನ್ನುತ್ತೇನೆ. ನೆಂಟಸ್ತಿಕೆಯ ಕಾಗದ ಬೇರೆ, ಲೆಕ್ಕದ ಕಾಗದ ಬೇರೆ.

"ಪ್ರಿಯ" ಮತ್ತು "ಆತ್ಮೀಯ" ಸಮಾನರಿಗೆ, ಚಿಕ್ಕವರಿಗೆ. ಎಪ್ಪತ್ತರ ಹಿರಿಯರಿಗೆ ಇಪ್ಪತ್ತೈದರ ಹುಡುಗಿ "ಪ್ರಿಯ ರುದ್ರಪ್ಪನವರೇ" ಅಂದರೆ ಸಲಿಗೆ ಜಾಸ್ತಿಯಾಯಿತು. "ಸನ್ಮಾನ್ಯ" ಮಂತ್ರಿಗಳಿಗೆ, ಶಾಸಕರಿಗೆ ಇರಲಿ.

ನಾನು ಬರೆಸುವುದು "ಗೌರವಾನ್ವಿತ ರುದ್ರಪ್ಪನವರೇ" ಅಂತ. ಹೆಸರು ಇರುವುದರಿಂದ ಪರಿಚಯ ಕಾಣುತ್ತದೆ, ಗೌರವಾನ್ವಿತ ಅಂದಿದ್ದರಿಂದ ವಯಸ್ಸಿಗೆ ಮರ್ಯಾದೆ ಸಿಗುತ್ತದೆ. ಕೆಳಗಿನ ಸಾಲಿನಲ್ಲಿ "ನಮಸ್ಕಾರಗಳು." ರುದ್ರಪ್ಪನವರು ಲಿಂಗಾಯತರಾಗಿದ್ದು, ನಿಮ್ಮ ಮನೆಯಲ್ಲೂ ರೂಢಿ ಇದ್ದರೆ "ಶರಣು ಶರಣಾರ್ಥಿಗಳು" ಅಂತ ಬರೆಯಬಹುದು. ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಇದು ಸಹಜವಾಗಿ ಬರುವ ಮಾತು. ಬಾಯಲ್ಲಿ ಯಾವತ್ತೂ ಅನ್ನದವರು ಬಾಕಿ ಪತ್ರದಲ್ಲಿ ಮಾತ್ರ ಶರಣಾರ್ಥಿ ಅಂದರೆ ಹಿರಿಯರು ಬೇಗ ಪತ್ತೆ ಹಚ್ಚುತ್ತಾರೆ, ಅಲ್ವಾ?

ಹೆಸರು ಹಿಡಿದು ಕರೆಯುವುದೇ ಇರುಸುಮುರುಸು ಅನ್ನಿಸಿದರೆ "ಗೌರವಾನ್ವಿತ ಯಜಮಾನರೇ" ಅನ್ನಿ. ಬಾಯಲ್ಲಿ ಕರೆಯುವುದೂ ಅದೇ ಆಗಿದ್ದರೆ ಇನ್ನೂ ಒಳ್ಳೆಯದು. "ಸಾಹುಕಾರರೇ" ಮಾತಿಗೆ ಸರಿ. ಆದರೆ ದುಡ್ಡು ಕೇಳುವ ಪತ್ರದಲ್ಲಿ "ನಿಮ್ಮ ಹತ್ತಿರ ಬೇಕಾದಷ್ಟಿದೆಯಲ್ಲ" ಅಂತ ಚುಚ್ಚಿದ ಹಾಗೆ ಕೇಳಿಸಬಹುದು, ಬಿಟ್ಟುಬಿಡಿ. "ಅಂಕಲ್" ಫೋನಿನಲ್ಲಿ ಮಾತ್ರ.

ಕರೆದ ಮೇಲೆ ಪತ್ರದ ತುಂಬ "ತಾವು, ತಮ್ಮ, ತಮಗೆ" ಇರಬೇಕು. ಮೇಲೆ "ತಾವು", ನಡುವೆ "ನೀವು", ಕೊನೆಗೆ "ನಿಮ್ಮ" ಅಂತ ಜಾರಿದರೆ ಬರೆಯುತ್ತಾ ಬರೆಯುತ್ತಾ ಸಿಟ್ಟು ಬಂದ ಹಾಗಿರುತ್ತದೆ. ಬರೆದಾದ ಮೇಲೆ ಇದೊಂದಕ್ಕೇ ಅಂತ ಇನ್ನೊಮ್ಮೆ ಓದಿ.

ಪತ್ರ ಹೀಗಿರುತ್ತದೆ

> ದಾವಣಗೆರೆ
> ದಿನಾಂಕ: 10-11-2025
>
> ಶ್ರೀ ರುದ್ರಪ್ಪನವರು,
> ಮಾಲೀಕರು, (ಅಂಗಡಿಯ ಹೆಸರು),
> ಮಂಡಿಪೇಟೆ, ದಾವಣಗೆರೆ, ಇವರಿಗೆ
>
> ವಿಷಯ: ಬಿಲ್ ಸಂಖ್ಯೆ 112ರ ಬಾಕಿ ಹಣದ ಬಗ್ಗೆ
>
> ಗೌರವಾನ್ವಿತ ರುದ್ರಪ್ಪನವರೇ,
> ನಮಸ್ಕಾರಗಳು.
>
> ದೀಪಾವಳಿ ವ್ಯಾಪಾರಕ್ಕಾಗಿ ತಾವು ಹೇಳಿದ್ದ 1000 ಕೈಚೀಲ ಮತ್ತು 20 ಬಿಲ್ ಪುಸ್ತಕಗಳನ್ನು 25-9-2025ರಂದು ತಮ್ಮ ಅಂಗಡಿಗೆ ತಲುಪಿಸಿದ್ದೇನೆ. ಒಟ್ಟು ಬಿಲ್ ರೂ. 16,600. ತಾವು 8-9-2025ರಂದು ರೂ. 5,000 ಮುಂಗಡ ಕೊಟ್ಟಿದ್ದೀರಿ. ಉಳಿದ ಬಾಕಿ ರೂ. 11,600 (ಹನ್ನೊಂದು ಸಾವಿರದ ಆರುನೂರು ರೂಪಾಯಿ).
>
> ಈ ಬಾಕಿಯನ್ನು 24-11-2025, ಸೋಮವಾರದೊಳಗೆ ಪಾವತಿ ಮಾಡಿಕೊಡಬೇಕೆಂದು ಕೋರುತ್ತೇನೆ. ತಾವು ಹೇಳಿ ಕಳಿಸಿದರೆ ಅಂಗಡಿಗೇ ಬಂದು ತೆಗೆದುಕೊಳ್ಳುತ್ತೇನೆ. ಲೆಕ್ಕದಲ್ಲಿ ವ್ಯತ್ಯಾಸ ಕಂಡರೆ ದಯವಿಟ್ಟು ತಿಳಿಸಿ. ಬಿಲ್ಲಿನ ಪ್ರತಿ ಜೊತೆಗಿದೆ.
>
> ವಂದನೆಗಳೊಂದಿಗೆ,
> ತಮ್ಮ ವಿಶ್ವಾಸಿ,
> (ಸಹಿ)
> ಕವಿತಾ
> (ಅಂಗಡಿಯ ಹೆಸರು, ಫೋನ್ ನಂಬರ್)

ಒಳಗಿನ ಲೆಕ್ಕಕ್ಕೆ "ದಯಮಾಡಿ, ಕೃಪೆಮಾಡಿ, ದೊಡ್ಡ ಮನಸ್ಸು ಮಾಡಿ" ಯಾವುದೂ ಸೇರಿಲ್ಲ, ನೋಡಿ. "ದಯವಿಟ್ಟು" ಒಂದೇ ಕಡೆ ಬಂದಿದೆ, ಅದೂ ವ್ಯತ್ಯಾಸ ಇದ್ದರೆ ತಿಳಿಸಿ ಅನ್ನುವಲ್ಲಿ. ಆ ವಾಕ್ಯಕ್ಕೆ ಒಂದು ಕೆಲಸ ಇದೆ. ದುಡ್ಡು ಕೊಡದೆ ಇರುವುದಕ್ಕೆ ಎಷ್ಟೋ ಸಲ ಚೀಲದ ಬಣ್ಣ ಸರಿ ಬಂದಿಲ್ಲ ಅನ್ನುವ ಬೇಜಾರಿರುತ್ತದೆ, ಬಾಯಿ ಬಿಟ್ಟು ಹೇಳಿರುವುದಿಲ್ಲ. ಅದನ್ನು ಹೇಳಲು ಹಿರಿಯರಿಗೆ ಇಲ್ಲಿ ದಾರಿ ಸಿಗುತ್ತದೆ. ಅವರು ಕೊಟ್ಟ ಮುಂಗಡವನ್ನು ತಾರೀಖಿನ ಸಮೇತ ನೀವೇ ಮೊದಲು ಬರೆಯುವುದೂ ಮರ್ಯಾದೆಯೇ. ಕೊಟ್ಟದ್ದು ನೆನಪಿದೆ ಅಂತ ಅವರಿಗೆ ಗೊತ್ತಾಗುತ್ತದೆ.

ಕ್ಷೇಮ ಸಮಾಚಾರ ಬೇಕಾ? "ಇತ್ತ ಕಡೆ ಎಲ್ಲರೂ ಕ್ಷೇಮ" ಅಂತ ಶುರು ಮಾಡುವುದು ಮನೆ ಕಾಗದದ ಪದ್ಧತಿ. ಹತ್ತಿರದವರಾದರೆ ನಮಸ್ಕಾರದ ಜೊತೆ "ತಾವು ಕ್ಷೇಮವೆಂದು ನಂಬಿದ್ದೇನೆ" ಅನ್ನುವಷ್ಟಕ್ಕೆ ನಿಲ್ಲಿಸಿ.

ತಾರೀಖು

"ತಮ್ಮ ಅನುಕೂಲ ನೋಡಿಕೊಂಡು ಕೊಡಿ" ಅಂತ ಬರೆದರೆ ಪತ್ರ ಬರೆದದ್ದೇ ದಂಡ. ಅನುಕೂಲ ಯಾವತ್ತೂ ಬರುವುದಿಲ್ಲ. ತಾರೀಖು ಹಾಕಿ, ಎರಡು ವಾರ ಸಮಯ ಕೊಡಿ. ಆದರೆ ಶುಕ್ರವಾರ ಹಾಕಬೇಡಿ. ಲಕ್ಷ್ಮಿಯ ದಿನ ಕೈಯಿಂದ ದುಡ್ಡು ಹೊರಗೆ ಹೋಗಬಾರದು ಅನ್ನುವ ವ್ಯಾಪಾರಿಗಳು ಇನ್ನೂ ಇದ್ದಾರೆ. ಕೆಲವರು ಮಂಗಳವಾರವೂ ಕೊಡುವುದಿಲ್ಲ, ದೀಪ ಹಚ್ಚಿದ ಮೇಲೂ ಕೊಡುವುದಿಲ್ಲ. ಮೇಲಿನ ಪತ್ರದಲ್ಲಿ ಸೋಮವಾರ ಹಾಕಿದ್ದು ಇದಕ್ಕೇ. ಹಬ್ಬದ ಸೀಸನ್ನಿನ ಕೆಲಸವಾದರೆ ದೀಪಾವಳಿಗೆ ಮೊದಲೇ ಕೇಳುವುದು ಇನ್ನೂ ಚೆನ್ನ. ಲಕ್ಷ್ಮೀ ಪೂಜೆಗೆ ಹೊಸ ಲೆಕ್ಕದ ಪುಸ್ತಕ ಇಡುವ ಅಂಗಡಿಗಳಲ್ಲಿ ಹಳೆಯ ಖಾತೆ ಚುಕ್ತಾ ಮಾಡುವ ಮನಸ್ಸಿರುತ್ತದೆ. ಅವರ ಮನೆಯಲ್ಲಿ ಸಾವಾಗಿದ್ದರೆ ಶಿವಗಣಾರಾಧನೆಯೋ ವೈಕುಂಠ ಸಮಾರಾಧನೆಯೋ ಮುಗಿಯುವ ತನಕ ಪತ್ರ ನಿಮ್ಮ ಹತ್ತಿರವೇ ಇರಲಿ.

ಮುಗಿಸುವ ಸಾಲು

ಕೊನೆಯಲ್ಲಿ ಎರಡು ಭಾಗ. ಒಂದು ವಂದನೆ, ಇನ್ನೊಂದು ಸಹಿಯ ಮೇಲಿನ ಮಾತು. "ವಂದನೆಗಳೊಂದಿಗೆ" ಎಲ್ಲರಿಗೂ ಸಲ್ಲುತ್ತದೆ. "ಸಾಷ್ಟಾಂಗ ನಮಸ್ಕಾರಗಳೊಂದಿಗೆ" ಬೇಡ, "ಪೂಜ್ಯರೇ" ಬೇಡ ಅಂದ ಕಾರಣಕ್ಕೇ. "ತಮ್ಮ ಆಶೀರ್ವಾದ ಬಯಸುವ" ಅಂತ ಮುಗಿಸುವವರೂ ಬಹಳ. ಆಶೀರ್ವಾದ ಕೇಳಿದರೆ ಆಶೀರ್ವಾದವೇ ಸಿಗುತ್ತದೆ, ಬಾಕಿ ಹಾಗೇ ಉಳಿಯುತ್ತದೆ.

"ಮುಂಗಡವಾಗಿ ಧನ್ಯವಾದಗಳು" ಅನ್ನುವುದು ಇತ್ತೀಚೆಗೆ ಈಮೇಲಿನಿಂದ ಬಂದ ರೂಢಿ. ಇನ್ನೂ ಕೊಡದ ದುಡ್ಡಿಗೆ ಧನ್ಯವಾದ ಹೇಳಿದರೆ ಹಳೆಯ ಕಾಲದ ವ್ಯಾಪಾರಿಗೆ ವಿಚಿತ್ರ ಅನ್ನಿಸುತ್ತದೆ, ಕೆಲವರಿಗೆ ಒತ್ತಾಯ ಅನ್ನಿಸುತ್ತದೆ. ದುಡ್ಡು ಕೈಗೆ ಬಂದ ದಿನ ರಸೀದಿಯ ಜೊತೆ ಹೇಳಿದರಾಯಿತು.

ಸಹಿಯ ಮೇಲೆ "ತಮ್ಮ ವಿಶ್ವಾಸಿ" ಬರೆಯಿರಿ. ಗಂಡಸರೂ ಹೆಂಗಸರೂ ಹಾಗೇ ಬರೆಯಬಹುದು. "ತಮ್ಮ ನಂಬುಗೆಯ" ಕೂಡ ನಡೆಯುತ್ತದೆ. "ತಮ್ಮ ವಿಧೇಯ" ಅಥವಾ "ವಿಧೇಯಳು" ಅಂದರೆ ಹೇಳಿದ ಮಾತು ಕೇಳುವವರು. ವಿದ್ಯಾರ್ಥಿ ಹೆಡ್‌ಮಾಸ್ಟರಿಗೆ, ನೌಕರ ಮೇಲಧಿಕಾರಿಗೆ ಬರೆಯುವಾಗ ಅದಕ್ಕೆ ಜಾಗ ಉಂಟು. ಕವಿತಾ ರುದ್ರಪ್ಪನವರ ಅಂಗಡಿಯ ಕೆಲಸದವಳಲ್ಲ, ಸ್ವಂತ ಕಸುಬಿನವಳು. "ಇತಿ" ಅಥವಾ "ಇಂತಿ" ಬೇಕಾದರೆ ಹಾಕಿ, ಎರಡೂ ರೂಢಿಯಲ್ಲಿವೆ. ವಂದನೆ ಇದ್ದಾಗ ನಾನು ಹಾಕುವುದಿಲ್ಲ.

ಮೇಲಿನ ಕರೆಗೂ ಕೆಳಗಿನ ಮುಕ್ತಾಯಕ್ಕೂ ಹೊಂದಿಕೆ ಇದೆಯಾ ಅಂತ ನೋಡಿ. ನಡುವಿನದನ್ನು ಕೈಯಿಂದ ಮುಚ್ಚಿ, ಮೊದಲ ಸಾಲು ಮತ್ತು ಕೊನೆಯ ಸಾಲು ಮಾತ್ರ ಓದಿ. ಮೇಲೆ "ಪೂಜ್ಯರೇ" ಇದ್ದು ಕೆಳಗೆ "ತಪ್ಪಿದಲ್ಲಿ ಕಾನೂನು ಕ್ರಮ" ಇದ್ದರೆ ಒಂದನ್ನು ತೆಗೆಯಲೇಬೇಕು. ಮೊದಲ ಪತ್ರವಾದರೆ ಎರಡನ್ನೂ ತೆಗೆಯಿರಿ.

ಕೊಡುವಾಗ

ಲಕೋಟೆಯಲ್ಲಿ ಹಾಕಿ, ಕೈಯಾರೆ ಕೊಡಿ. ಗಿರಾಕಿಗಳಿರುವ ಸಂಜೆ ಹೊತ್ತು ಬೇಡ, ಬೆಳಿಗ್ಗೆ ಅಂಗಡಿ ತೆಗೆದ ತಕ್ಷಣವೂ ಬೇಡ. ಬೋಣಿಗೆ ಮೊದಲೇ ಸಾಲದ ಮಾತು ಯಾರಿಗೂ ಇಷ್ಟವಾಗುವುದಿಲ್ಲ. ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಹೋಗಿ. ಇನ್ನೊಂದು ಪ್ರತಿ ಜೊತೆಯಲ್ಲಿರಲಿ, ಅದರ ಮೇಲೆ "ತಲುಪಿದೆ" ಅಂತ ಸಹಿ, ತಾರೀಖು ಕೇಳಿ. ಯಜಮಾನರನ್ನು ಕೇಳಲು ಸಂಕೋಚವಾದರೆ ಗುಮಾಸ್ತರ ಹತ್ತಿರ ಹಾಕಿಸಿಕೊಳ್ಳಬಹುದು. ಸಹಿ ಸಿಗದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ವಾಟ್ಸಾಪಿನಲ್ಲಿ ಕಳಿಸುವುದಾದರೆ ಪತ್ರದ ಫೋಟೋ ಒಂದನ್ನೇ ಹಾಕಿ ಸುಮ್ಮನಾಗಬೇಡಿ. "ನಮಸ್ಕಾರ ಯಜಮಾನರೇ, ಬಿಲ್ ಬಾಕಿಯ ಬಗ್ಗೆ ಒಂದು ಪತ್ರ ಕಳಿಸಿದ್ದೇನೆ, ತಾವು ನೋಡಬೇಕು" ಅಂತ ಒಂದು ಸಾಲು ಇರಲಿ. ರಾತ್ರಿ ಎಂಟರ ಮೇಲೆ ಬೇಡ. ಮನೆಯವರ ಗ್ರೂಪಿಗೋ ಅಂಗಡಿ ಗ್ರೂಪಿಗೋ ಹಾಕಿದರೆ ಸಂಬಂಧ ಅಲ್ಲಿಗೇ ಮುಗಿಯಿತು.

ತಾರೀಖು ದಾಟಿದರೆ

ಒಂದು ವಾರ ಬಿಟ್ಟು ಎರಡನೇ ಪತ್ರ. ಇದರಲ್ಲಿ ಗದರಿಸಬೇಕಾಗಿಲ್ಲ, ಕರೆಯುವ ಸಾಲನ್ನು ಒಂದು ಮೆಟ್ಟಿಲು ಇಳಿಸಿದರೆ ಸಾಕು. "ಗೌರವಾನ್ವಿತ ರುದ್ರಪ್ಪನವರೇ" ಹೋಗಿ "ಮಾನ್ಯರೇ" ಬರುತ್ತದೆ. ವಿಷಯದ ಕೆಳಗೆ "ಉಲ್ಲೇಖ: ನನ್ನ 10-11-2025ರ ಪತ್ರ" ಅಂತ ಒಂದು ಸಾಲು ಸೇರುತ್ತದೆ. ಮುಕ್ತಾಯದಲ್ಲಿ "ತಮ್ಮ ವಿಶ್ವಾಸಿ" ಬಿಟ್ಟು "ವಂದನೆಗಳೊಂದಿಗೆ" ಅಂತ ಬರೆದು ಸಹಿ ಹಾಕುವುದು. "ತಾವು" ಮಾತ್ರ "ನೀವು" ಆಗಬಾರದು. ಕಾಗದ ಓದಿ ಪಳಗಿದ ಹಿರಿಯರಿಗೆ ಈ ಬದಲಾವಣೆ ತಕ್ಷಣ ತಿಳಿಯುತ್ತದೆ. ಎಷ್ಟೋ ಸಲ ಫೋನ್ ಬರುವುದು ಈ ಪತ್ರಕ್ಕೆ.

ಫೋನ್ ಮಾಡಿ "ಈಗ ಆಗಲ್ಲಮ್ಮ, ಯುಗಾದಿ ಕಳೀಲಿ" ಅಂದರೆ ಒಪ್ಪಿಕೊಳ್ಳಬಹುದು. ಆದರೆ ಬಾಕಿ ಇರುವುದು ನಿಜ ಅಂತ ಬರಹದಲ್ಲಿ ಪಡೆಯಿರಿ. ಮಾಲು ಕೊಟ್ಟ, ಕೆಲಸ ಮಾಡಿದ ದುಡ್ಡಿಗೆ ಕೋರ್ಟಿಗೆ ಹೋಗಲು ಸಾಮಾನ್ಯವಾಗಿ ಮೂರು ವರ್ಷ ಅವಧಿ. 1963ರ ಕಾಲಮಿತಿ ಕಾಯ್ದೆ ಹೇಳುವುದು ಅದನ್ನೇ. ನೀವು ಎಷ್ಟು ಪತ್ರ ಬರೆದರೂ ಆ ಅವಧಿ ಬೆಳೆಯುವುದಿಲ್ಲ. ಅವಧಿ ಮುಗಿಯುವ ಮೊದಲು ಕೊಡಬೇಕಾದವರು "ಇಷ್ಟು ಬಾಕಿ ಇದೆ" ಅಂತ ಬರೆದು ಸಹಿ ಹಾಕಿದರೆ ಆ ದಿನದಿಂದ ಹೊಸದಾಗಿ ಎಣಿಕೆ ಶುರುವಾಗುತ್ತದೆ. ಬರಿ "ತಲುಪಿದೆ" ಅನ್ನುವ ಸಹಿಗೆ ಈ ಬಲ ಇಲ್ಲ. ಇದನ್ನು ಪಡೆಯುವ ಮೆತ್ತಗಿನ ದಾರಿ ಅಂದರೆ ಲೆಕ್ಕದ ಚೀಟಿ. ಒಂದು ಹಾಳೆಯಲ್ಲಿ ಬಿಲ್, ಮುಂಗಡ, ಬಾಕಿ ಬರೆದು, ಕೆಳಗೆ "ಮೇಲಿನ ಬಾಕಿ ಸರಿಯಾಗಿದೆ" ಅಂತ ಹಾಕಿ, "ಯಜಮಾನರೇ, ನಮ್ಮ ಲೆಕ್ಕದ ಪುಸ್ತಕಕ್ಕೆ ಬೇಕಿತ್ತು, ಒಂದು ಸಹಿ ಮಾಡಿಕೊಡಿ" ಅಂತ ಕೇಳಿ.

ಅದೂ ಆಗದಿದ್ದರೆ ವಕೀಲರ ನೋಟಿಸು. ಅದನ್ನು ನೀವು ಬರೆಯಬೇಕಾಗಿಲ್ಲ. ಅದರಲ್ಲಿ "ನಮ್ಮ ಕಕ್ಷಿದಾರರು" ಅಂತ ಇರುತ್ತದೆ, ಗೌರವಾನ್ವಿತರೂ ಇರುವುದಿಲ್ಲ, ವಿಶ್ವಾಸಿಯೂ ಇರುವುದಿಲ್ಲ. 11,600 ರೂಪಾಯಿಗೆ ಅಲ್ಲಿಯ ತನಕ ಹೋಗಬೇಕಾ ಅನ್ನುವುದನ್ನು ವಕೀಲರ ಫೀಸು ಕೇಳಿಕೊಂಡು ಆಮೇಲೆ ತೀರ್ಮಾನಿಸಿ.